ರಿಟೇನರ್ ನಿಲ್ಲಿಸುವ ಪತ್ರ: ಕೊನೆಯ ದಿನ, ಹಳೇ ಬಾಕಿ, ಕೊನೆಯ ಬಿಲ್

ತಿಂಗಳಿಗೆ ಇಷ್ಟು ಅಂತ ಮಾತಾಡಿಕೊಂಡು ಒಂದು ಕಂಪನಿಗೆ ಡಿಸೈನ್ ಮಾಡಿಕೊಡುತ್ತಿದ್ದೀರಿ, ಅದೇ ರಿಟೇನರ್. ಈಗ ಬಿಡಬೇಕು. ಪತ್ರ ಬರೆಯಲು ಕೂತರೆ ಹೆಚ್ಚಿನವರು ಮೊದಲ ಸಾಲಿಗೇ ಒದ್ದಾಡುತ್ತಾರೆ. ಹೇಗೆ ಹೇಳಿದರೆ ಅವರಿಗೆ ಬೇಜಾರಾಗಲ್ಲ ಅನ್ನುವುದೇ ದೊಡ್ಡ ಚಿಂತೆ. ಅದಕ್ಕೆ ಎರಡು ಸಾಲು ಸಾಕು. ಆಮೇಲೆ ತಕರಾರು ಬರುವುದು ತಾರೀಖು ಮತ್ತು ಲೆಕ್ಕದಲ್ಲಿ. ಹಾಗಾಗಿ ಲೆಕ್ಕ ಮೊದಲು ಮಾಡಿ, ಪತ್ರ ಆಮೇಲೆ ಬರೆಯಿರಿ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಮೈಸೂರಿನಲ್ಲಿ ಒಬ್ಬ ಡಿಸೈನರ್, ಬೆಂಗಳೂರಿನಲ್ಲಿ ಕಾಫಿ ಪುಡಿ ಮಾರುವ ಒಂದು ಚಿಕ್ಕ ಕಂಪನಿ. ತಿಂಗಳಿಗೆ ₹36,000. ಅದಕ್ಕೆ 12 ಸೋಶಿಯಲ್ ಮೀಡಿಯಾ ಪೋಸ್ಟರ್ ಮತ್ತು ಸಣ್ಣಪುಟ್ಟ ತಿದ್ದುಪಡಿ. ತಿಂಗಳ ಕೊನೆಗೆ ಬಿಲ್, ಬಿಲ್ ಕೊಟ್ಟ 15 ದಿನದೊಳಗೆ ಹಣ. ಯಾರು ಬಿಟ್ಟರೂ 30 ದಿನ ಮೊದಲು ಬರೆದು ತಿಳಿಸಬೇಕು. ಇಬ್ಬರೂ ಕಾಲ್ಪನಿಕ. ಆದರೆ ಇಂಥ ಕರಾರು ನಿಮ್ಮ ಹತ್ತಿರವೂ ಇರಬಹುದು, ಅಲ್ವಾ?

ಮೊದಲು ಕರಾರು ತೆಗೆದು ಓದಿ

ಸಹಿ ಹಾಕಿದ ದಿನ ಓದಿದ್ದನ್ನು ನೆನಪಿನ ಮೇಲೆ ನಂಬಬೇಡಿ. ನೋಡಬೇಕಾದ್ದು ನಾಲ್ಕು. ನೋಟಿಸ್ ಎಷ್ಟು ದಿನ. ನೋಟಿಸ್ ಹೇಗೆ ಕೊಡಬೇಕು, ಇಮೇಲ್ ಸಾಕಾ, ಕಂಪನಿಯ ವಿಳಾಸಕ್ಕೆ ಅಂಚೆಯಲ್ಲಿ ಹೋಗಬೇಕಾ. ಕನಿಷ್ಠ ಇಷ್ಟು ತಿಂಗಳು ಬಿಡುವಂತಿಲ್ಲ ಅನ್ನುವ ಷರತ್ತು ಇದೆಯಾ. ತಿಂಗಳ ಮಧ್ಯೆ ನಿಂತರೆ ಹಣ ಹೇಗೆ ಲೆಕ್ಕ ಹಾಕಬೇಕು ಅಂತ ಬರೆದಿದೆಯಾ.

ನಾಲ್ಕನೆಯದು ಎಷ್ಟೋ ಕರಾರಿನಲ್ಲಿ ಇರುವುದೇ ಇಲ್ಲ. ಇಲ್ಲದಿದ್ದರೆ ನೀವೇ ಒಂದು ಲೆಕ್ಕದ ಕ್ರಮ ಆರಿಸಿಕೊಂಡು ಅದನ್ನು ಪತ್ರದಲ್ಲಿ ಬಿಡಿಸಿ ಬರೆಯಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಬರೆದ ಕರಾರೇ ಇಲ್ಲ, ಎಲ್ಲ ವಾಟ್ಸಾಪ್‌ನಲ್ಲೇ ನಡೆದಿದೆ ಅನ್ನುವವರೂ ಬಹಳ ಜನ ಇದ್ದಾರೆ. ಆಗ ಹಳೆಯ ಮೆಸೇಜ್ ಹುಡುಕಿ. ತಿಂಗಳ ಹಣ, ಕೆಲಸದ ಪಟ್ಟಿ, ಪೇಮೆಂಟ್ ತಾರೀಖು ಇರುವ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದು ಒಂದು ಫೋಲ್ಡರ್‌ನಲ್ಲಿ ಇಡಿ. ನೋಟಿಸ್ ಮಾತು ಎಲ್ಲೂ ಬಂದಿಲ್ಲದಿದ್ದರೆ 30 ದಿನ ಕೊಡಿ. ತಿಂಗಳ ಲೆಕ್ಕದ ಕೆಲಸಕ್ಕೆ ಒಂದು ತಿಂಗಳ ನೋಟಿಸ್ ಅಂದರೆ ಯಾರೂ ತಪ್ಪು ಹೇಳಲಾರರು.

ದಿನ ಎಣಿಸುವುದು

ನಮ್ಮ ಡಿಸೈನರ್ 2026ರ ಜೂನ್ 12, ಶುಕ್ರವಾರ ಪತ್ರ ಕಳಿಸುತ್ತಾರೆ ಅಂದುಕೊಳ್ಳಿ. ಪತ್ರ ತಲುಪಿದ ದಿನವನ್ನು ಎಣಿಕೆಗೆ ಸೇರಿಸಬೇಡಿ. ಜೂನ್ 13 ಮೊದಲ ದಿನ. ಜೂನ್‌ನಲ್ಲಿ 18 ದಿನ ಸಿಗುತ್ತದೆ, ಜುಲೈನಲ್ಲಿ 12. ಅಲ್ಲಿಗೆ 30 ದಿನ ಮುಗಿಯುವುದು ಜುಲೈ 12ಕ್ಕೆ.

ಪತ್ರದಲ್ಲಿ 'ಇಂದಿನಿಂದ 30 ದಿನ' ಅಂತ ಬರೆದು ಬಿಡಬೇಡಿ. ಅವರು ಇಮೇಲ್ ತೆರೆದಿದ್ದೇ ಸೋಮವಾರ ಅಂದರೆ ಎಣಿಕೆ ಅಲ್ಲಿಂದ ಶುರು ಅನ್ನುತ್ತಾರೆ. 'ನನ್ನ ಕೆಲಸದ ಕೊನೆಯ ದಿನ 2026 ಜುಲೈ 12' ಅಂತ ತಾರೀಖನ್ನೇ ಬರೆಯಿರಿ. ಆ ತಾರೀಖು ಒಪ್ಪಿಗೆ ಇಲ್ಲದಿದ್ದರೆ ಅವರು ಈಗಲೇ ಹೇಳಬೇಕಾಗುತ್ತದೆ. ಜುಲೈನಲ್ಲಿ ಬಂದು ಹೇಳುವುದಕ್ಕಿಂತ ಅದು ಒಳ್ಳೆಯದು.

ಕ್ಯಾಲೆಂಡರ್ ನೋಡಿದರೆ ಜುಲೈ 12 ಭಾನುವಾರ. ಭಾನುವಾರ ಫೈಲ್ ಕಳಿಸಿದರೆ ಆ ಕಡೆ ನೋಡುವವರು ಯಾರೂ ಇರುವುದಿಲ್ಲ. ಹಾಗಾಗಿ ಫೈಲ್ ಒಪ್ಪಿಸುವ ದಿನ ಜುಲೈ 10, ಶುಕ್ರವಾರ. ಹೊಸ ಕೆಲಸ ತೆಗೆದುಕೊಳ್ಳುವ ಕೊನೆಯ ದಿನ ಅದಕ್ಕೂ ಒಂದು ವಾರ ಹಿಂದೆ, ಜುಲೈ 3.

ಈ ಜುಲೈ 3 ನನ್ನ ಲೆಕ್ಕದಲ್ಲಿ ಇಡೀ ಪತ್ರದ ತುಂಬ ಬೆಲೆಬಾಳುವ ತಾರೀಖು. ಡಿಸೈನರ್ ಹೋಗುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಕ್ಲೈಂಟ್‌ಗೆ ಆರು ತಿಂಗಳಿಂದ ಮರೆತಿದ್ದ ಕೆಲಸಗಳೆಲ್ಲ ನೆನಪಾಗುತ್ತವೆ. ದಸರಾ ಪೋಸ್ಟರ್, ದೀಪಾವಳಿ ಪೋಸ್ಟರ್, ಹೊಸ ವಿಸಿಟಿಂಗ್ ಕಾರ್ಡ್, 'ಅದೊಂದು ಬ್ರೋಷರ್ ಇತ್ತಲ್ಲ'. ಕೊನೆಯ ದಿನ ಒಂದನ್ನೇ ಬರೆದರೆ ಜುಲೈ 11ರ ರಾತ್ರಿ ಬರುವ ಕೆಲಸವನ್ನೂ ಬೇಡ ಅನ್ನಲಾಗುವುದಿಲ್ಲ. ಎಷ್ಟು ಕೆಲಸ ಅನ್ನುವುದನ್ನೂ ಬರೆಯಬೇಕು. ಪೂರ್ತಿ ತಿಂಗಳಿಗೆ 12 ಪೋಸ್ಟರ್ ಆದರೆ 31ರಲ್ಲಿ 12 ದಿನಕ್ಕೆ ನಾಲ್ಕೂವರೆ ಚಿಲ್ಲರೆ ಬರುತ್ತದೆ. ಐದು ಅಂತ ಹಾಕಿ. ಅರ್ಧ ಪೋಸ್ಟರ್‌ಗೆ ಚೌಕಾಸಿ ಬೇಡ.

ಇಷ್ಟೆಲ್ಲ ಎಣಿಕೆ ಬೇಡವೆಂದರೆ ಸುಲಭದ ದಾರಿಯೂ ಉಂಟು. ಜೂನ್ ಕೊನೆಯ ವಾರದವರೆಗೆ ಕಾದು, 'ಜುಲೈ 31 ಕೊನೆಯ ದಿನ' ಅಂತ ಪತ್ರ ಕೊಟ್ಟರೆ ತಿಂಗಳು ಪೂರ್ತಿ ಮುಗಿಯುತ್ತದೆ, ಭಾಗದ ಲೆಕ್ಕ ಬರುವುದಿಲ್ಲ. ಕಾಯಲು ಆಗುವವರು ಹೀಗೇ ಮಾಡಲಿ. ಬೇರೆ ಕೆಲಸ ಒಪ್ಪಿಕೊಂಡು ಆಗಿದೆ ಅನ್ನುವವರಿಗೆ ಮುಂದಿನ ಲೆಕ್ಕ.

ಹಣದ ಲೆಕ್ಕ

ಜುಲೈನಲ್ಲಿ 12 ದಿನ. ₹36,000 ಅನ್ನು 31ರಿಂದ ಭಾಗಿಸಿ 12ರಿಂದ ಗುಣಿಸಿದರೆ ₹13,935. ತಿಂಗಳನ್ನು 30 ದಿನ ಅಂತ ಹಿಡಿದರೆ ₹14,400. ವ್ಯತ್ಯಾಸ ₹465. ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ನಾನು 31ರ ಲೆಕ್ಕವನ್ನೇ ಹಾಕುತ್ತೇನೆ, ಯಾಕೆಂದರೆ ಜುಲೈನಲ್ಲಿ ಇರುವುದು 31 ದಿನ, ಇದರ ಮೇಲೆ ಪ್ರಶ್ನೆ ಬರುವುದಿಲ್ಲ. ₹465ಕ್ಕೆ ಎರಡು ವಾರ ಪೇಮೆಂಟ್ ತಡವಾಗುವುದು ಯಾರಿಗೆ ಬೇಕು?

ಇದರ ಜೊತೆ, ರಿಟೇನರ್‌ಗೆ ಸೇರದ ಒಂದು ಕೆಲಸ ಇದೆ ಅಂದುಕೊಳ್ಳಿ. ಹೊಸ 200 ಗ್ರಾಂ ಪ್ಯಾಕೆಟ್ಟಿನ ಲೇಬಲ್, ₹6,000 ಅಂತ ಮೇ ತಿಂಗಳಲ್ಲೇ ಇಮೇಲ್‌ನಲ್ಲಿ ಒಪ್ಪಿದ್ದಾರೆ. ಕೊನೆಯ ಬಿಲ್ ಒಟ್ಟು ₹19,935.

ಇನ್ನು ಹಳೇ ಬಾಕಿ. ಮೇ ತಿಂಗಳ ₹36,000 ಬಿಲ್‌ಗೆ ಅವರು ಕೊಟ್ಟಿರುವುದು ₹20,000 ಮಾತ್ರ. ಬಾಕಿ ₹16,000 ಅಂತ ಬರೆದುಬಿಟ್ಟರೆ ಅವರ ಅಕೌಂಟೆಂಟ್ ಪತ್ರವನ್ನೇ ವಾಪಸ್ ಕಳಿಸುತ್ತಾರೆ. ಯಾಕೆಂದರೆ ನಡುವೆ ಟಿಡಿಎಸ್ ಇದೆ, ಅಂದರೆ ಹಣ ಕೊಡುವ ಕಂಪನಿಯೇ ಕಡಿದು ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಡಿಸೈನ್ ಕೆಲಸವನ್ನು ವೃತ್ತಿಪರ ಶುಲ್ಕ ಅಂತ ಹಿಡಿದ ಕಂಪನಿಗಳು 10% ಟಿಡಿಎಸ್ ಕಡಿಯುತ್ತವೆ. ಕೆಲವು ಕಡೆ ಗುತ್ತಿಗೆ ಕೆಲಸ ಅಂತ ಹಿಡಿದು ಅದಕ್ಕಿಂತ ಕಡಿಮೆ ಕಡಿಯುತ್ತಾರೆ. ನಿಮಗೆ ಹಿಂದಿನ ತಿಂಗಳುಗಳಲ್ಲಿ ಎಷ್ಟು ಕಡಿದಿದ್ದಾರೋ ಅದನ್ನೇ ಹಿಡಿಯಿರಿ. ಇಲ್ಲಿ 10% ಅಂದರೆ ₹3,600. ಮೇ ತಿಂಗಳಿಗೆ ಕೈಗೆ ಬರಬೇಕಾದ್ದು ₹32,400, ಬಂದಿದ್ದು ₹20,000, ಬಾಕಿ ₹12,400.

ಈ ₹12,400 ಅನ್ನು ಕೊನೆಯ ಬಿಲ್‌ನಲ್ಲಿ ಹೊಸ ಸಾಲಾಗಿ ಸೇರಿಸಬೇಡಿ. ಇದನ್ನು ಬಹಳ ಜನ ಸಲೀಸಾಗಿ ಮಾಡುತ್ತಾರೆ. ಮೇ ಬಿಲ್ ಈಗಾಗಲೇ ಅವರ ಪುಸ್ತಕದಲ್ಲಿದೆ. ಅದೇ ಹಣ ಇನ್ನೊಂದು ಬಿಲ್‌ನಲ್ಲಿ ಕಂಡರೆ ಒಂದೇ ಕೆಲಸಕ್ಕೆ ಎರಡು ಬಿಲ್ ಆಯಿತು. ನಿಮ್ಮ ಆದಾಯವೂ ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಟಿಡಿಎಸ್ ಕೂಡ ಎರಡು ಸಲ ಕಡಿಯುವ ಸಾಧ್ಯತೆ ಇದೆ. ಬಿಲ್ ಬೇರೆ, ಬಾಕಿ ಪಟ್ಟಿ ಬೇರೆ. ಪತ್ರದ ಕೆಳಗೆ ಬಾಕಿ ಪಟ್ಟಿಯನ್ನು ಹೀಗೆ ಹಾಕಿ:

| ಬಿಲ್ | ಮೊತ್ತ | ಟಿಡಿಎಸ್ | ಬಂದಿದ್ದು | ಬರಬೇಕಾದ್ದು |
|---|---|---|---|---|
| ಮೇ | ₹36,000 | ₹3,600 | ₹20,000 | ₹12,400 |
| ಜೂನ್ | ₹36,000 | ₹3,600 | ಇಲ್ಲ | ₹32,400 |
| ಜುಲೈ 1–12 ಮತ್ತು ಲೇಬಲ್ | ₹19,935 | ₹1,994 | ಇಲ್ಲ | ₹17,941 |

ಒಟ್ಟು ₹62,741. ಅವರ ಅಕೌಂಟೆಂಟ್ ಬೆರಳಿಟ್ಟು ನೋಡುವುದು ಈ ಕೊನೆಯ ಕಾಲಂ ಮಾತ್ರ.

ಇಲ್ಲಿ ಡಿಸೈನರ್‌ಗೆ ಜಿಎಸ್‌ಟಿ ನೋಂದಣಿ ಇಲ್ಲ ಅಂತ ಹಿಡಿದಿದ್ದೇನೆ. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು ₹20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಅದು ಕಡ್ಡಾಯವಲ್ಲ. ನೋಂದಣಿ ಇದ್ದವರು ಬಿಲ್ ಮೇಲೆ 18% ಸೇರಿಸಬೇಕು. ಜಿಎಸ್‌ಟಿಯನ್ನು ಬೇರೆ ಸಾಲಲ್ಲಿ ತೋರಿಸಿ, ಆಗ ಟಿಡಿಎಸ್ ಕಡಿಯುವುದು ಜಿಎಸ್‌ಟಿ ಸೇರುವ ಮುಂಚಿನ ಮೊತ್ತದ ಮೇಲೆ.

ಫೈಲ್ ಮತ್ತು ಹಕ್ಕು

ಏನೇನು ಒಪ್ಪಿಸುತ್ತೀರಿ ಅಂತ ಪತ್ರದಲ್ಲಿ ಬರೆದರೆ 'ಅದು ಕೊಟ್ಟಿಲ್ಲ, ಅದಕ್ಕೇ ಹಣ ಹಾಕಿಲ್ಲ' ಅನ್ನುವ ಮಾತಿಗೆ ಜಾಗ ಇರುವುದಿಲ್ಲ. ಕ್ಲೈಂಟ್‌ನ ಇನ್‌ಸ್ಟಾಗ್ರಾಂ ಅಥವಾ ಡ್ರೈವ್‌ಗೆ ನಿಮಗೆ ಪ್ರವೇಶ ಇದ್ದರೆ ಅದನ್ನು ಜುಲೈ 12ಕ್ಕೆ ತೆಗೆಸಿಕೊಳ್ಳಿ. ಫೋಲ್ಡರ್ ನಿಮ್ಮ ಅಕೌಂಟ್‌ನಲ್ಲಿದ್ದರೆ ಅವರ ಅಕೌಂಟ್‌ಗೆ ನಕಲು ಮಾಡಿ ಕೊಡಿ.

ಕನ್ನಡ ಲೇಬಲ್ ಇದ್ದಲ್ಲಿ ಇನ್ನೊಂದು ಕಡೆ ಗಮನ ಕೊಡಬೇಕು. ಪ್ರಿಂಟಿಂಗ್ ಕೆಲಸದಲ್ಲಿ ಈಗಲೂ ನುಡಿ ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ ಸಿಗುತ್ತದೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ 'ಫಿಲ್ಟರ್ ಕಾಫಿ' ಇದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮುಂದಿನ ಡಿಸೈನರ್ ಫೋನ್ ಮಾಡುವುದು ನಿಮಗೇ. ಅದಕ್ಕೆ ಪ್ರತಿ ಲೇಬಲ್‌ಗೂ ಎರಡು ಫೈಲ್ ಕೊಡಿ. ಒಂದರಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿರಬೇಕು, ಅದು ನೇರ ಪ್ರೆಸ್‌ಗೆ. ಇನ್ನೊಂದು ತಿದ್ದಲು ಬರುವಂಥದ್ದು. ಲೇಬಲ್‌ನಲ್ಲಿರುವ ಕನ್ನಡ ಪಠ್ಯವನ್ನು ಯೂನಿಕೋಡ್‌ನಲ್ಲಿ ಒಂದು ಡಾಕ್ಯುಮೆಂಟ್‌ನಲ್ಲಿ ಹಾಕಿಡಿ. ನೀವು ದುಡ್ಡು ಕೊಟ್ಟು ಕೊಂಡ ಫಾಂಟ್‌ಗಳ ಲೈಸೆನ್ಸ್ ಸಾಮಾನ್ಯವಾಗಿ ನಿಮ್ಮೊಬ್ಬರಿಗೇ ಸೀಮಿತ. ಫಾಂಟ್ ಫೈಲ್ ಕೊಡಬೇಡಿ, ಹೆಸರು ಮಾತ್ರ ಬರೆದುಕೊಡಿ. ಗೂಗಲ್ ಫಾಂಟ್ಸ್‌ನಲ್ಲಿರುವ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇಂಥವನ್ನು ಧಾರಾಳವಾಗಿ ಕೊಡಬಹುದು, ಅವು ಮುಕ್ತ ಲೈಸೆನ್ಸಿನವು.

ಹಕ್ಕಿನ ವಿಷಯ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಂಬಳದ ನೌಕರರಲ್ಲದ ಡಿಸೈನರ್ ಮಾಡಿದ ಲೋಗೋ, ಲೇಬಲ್ ಇಂಥವಕ್ಕೆ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಡಿಸೈನರೇ. ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಆ ಮಾತು ಬೇರೆ. ಹಕ್ಕು ಕ್ಲೈಂಟ್‌ಗೆ ಹೋಗಬೇಕಾದರೆ ಅದು ಬರಹದಲ್ಲಿ ಇರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೂ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಕಾಯ್ದೆ ಹಿಡಿಯುತ್ತದೆ. ನಾಳೆ ಕಾಫಿ ಪುಡಿ ದುಬೈಗೆ ಕಳಿಸುವ ಯೋಚನೆ ಇರುವ ಕಂಪನಿಗೆ ಇದು ಸಣ್ಣ ವಿಷಯವಲ್ಲ. 'ಪೂರ್ತಿ ಹಣ ಬಂದ ಮೇಲೆ ಹಕ್ಕು ವರ್ಗಾವಣೆ ಪತ್ರಕ್ಕೆ ಸಹಿ ಮಾಡಿ ಕೊಡುತ್ತೇನೆ' ಅನ್ನುವ ಒಂದು ಸಾಲು ಬಿಲ್ ಬೇಗ ಪಾಸಾಗಲು ಸಹಾಯ ಮಾಡುತ್ತದೆ.

ಹಣ ಕೊಟ್ಟು ಮುಗಿದ ತಿಂಗಳುಗಳ ಫೈಲ್ ಹಿಡಿದಿಟ್ಟುಕೊಳ್ಳುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಪಾಸ್‌ವರ್ಡ್ ಹಿಡಿದಿಟ್ಟುಕೊಳ್ಳುವುದಂತೂ ಬೇಡವೇ ಬೇಡ. ಹಿಡಿಯುವುದಾದರೆ ಹಣ ಬರದ ಲೇಬಲ್‌ನ ಮೂಲ ಫೈಲ್ ಹಿಡಿಯಿರಿ, ಅದನ್ನೂ ಪತ್ರದಲ್ಲೇ ಹೇಳಿ.

ಪತ್ರ

ಮೊದಲು ಫೋನ್ ಮಾಡಿ. ಎರಡು ವರ್ಷ ಜೊತೆಗೆ ಕೆಲಸ ಮಾಡಿದವರಿಗೆ ವಿಷಯ ಇಮೇಲ್‌ನಿಂದ ಗೊತ್ತಾಗಬಾರದು. ಫೋನಿನಲ್ಲಿ ಕೊನೆಯ ದಿನ ಒಂದನ್ನು ಹೇಳಿ, 'ವಿವರವೆಲ್ಲ ಈಗಲೇ ಮೇಲ್ ಮಾಡ್ತೀನಿ ಮೇಡಂ' ಅಂತ ಹೇಳಿ ಇಡಿ. ಅದೇ ದಿನ ಪತ್ರ ಹೋಗಬೇಕು. ಪತ್ರ ಹೀಗಿರಬಹುದು:

> ದಿನಾಂಕ: 12 ಜೂನ್ 2026
>
> ವಿಷಯ: ಮಾಸಿಕ ಡಿಸೈನ್ ರಿಟೇನರ್ ನಿಲ್ಲಿಸುವ ಬಗ್ಗೆ. ಕೊನೆಯ ದಿನ 12 ಜುಲೈ 2026
>
> ಮೇಡಂ, ನಮಸ್ಕಾರ.
>
> ಇವತ್ತು ಬೆಳಿಗ್ಗೆ ಫೋನಿನಲ್ಲಿ ತಿಳಿಸಿದಂತೆ, ನಮ್ಮ ಮಾಸಿಕ ಡಿಸೈನ್ ರಿಟೇನರನ್ನು ಕರಾರಿನ ಪ್ರಕಾರ 30 ದಿನದ ನೋಟಿಸ್ ಕೊಟ್ಟು ನಿಲ್ಲಿಸುತ್ತಿದ್ದೇನೆ. ನನ್ನ ಕೆಲಸದ ಕೊನೆಯ ದಿನ 12 ಜುಲೈ 2026. ಇಷ್ಟು ದಿನ ನನ್ನ ಮೇಲೆ ನಂಬಿಕೆ ಇಟ್ಟು ಕೆಲಸ ಕೊಟ್ಟಿದ್ದಕ್ಕೆ ಧನ್ಯವಾದ.
>
> ಜೂನ್ ತಿಂಗಳ ಕೆಲಸ ಎಂದಿನಂತೆ ನಡೆಯುತ್ತದೆ. ಜುಲೈ 1ರಿಂದ 12ರವರೆಗೆ ಐದು ಪೋಸ್ಟರ್ ಮಾಡಿಕೊಡುತ್ತೇನೆ. ಅವುಗಳ ವಿವರ ಜುಲೈ 3ರೊಳಗೆ ಕಳಿಸಿಕೊಡಿ. ಆಮೇಲೆ ಬರುವ ಹೊಸ ಕೆಲಸ ತೆಗೆದುಕೊಳ್ಳಲು ಆಗುವುದಿಲ್ಲ. ತಿದ್ದುಪಡಿಗಳನ್ನು ಜುಲೈ 10ರವರೆಗೆ ಮಾಡಿಕೊಡುತ್ತೇನೆ.
>
> ಇದುವರೆಗೆ ಹಣ ಪಾವತಿಯಾಗಿರುವ ಎಲ್ಲ ಕೆಲಸಗಳ ಮೂಲ ಫೈಲ್‌ಗಳನ್ನು ಜುಲೈ 10ರಂದು ನಿಮ್ಮ ಡ್ರೈವ್‌ಗೆ ಹಾಕುತ್ತೇನೆ. ಉಳಿದ ಕೆಲಸಗಳ ಮತ್ತು 200 ಗ್ರಾಂ ಲೇಬಲ್‌ನ ಮೂಲ ಫೈಲ್, ಎಲ್ಲ ಡಿಸೈನ್‌ಗಳ ಹಕ್ಕು ವರ್ಗಾವಣೆ ಪತ್ರ ಇವನ್ನು ಪೂರ್ತಿ ಹಣ ಬಂದ ಎರಡು ದಿನದೊಳಗೆ ಕೊಡುತ್ತೇನೆ.
>
> ಜೂನ್ ಬಿಲ್ ಎಂದಿನಂತೆ ಜೂನ್ 30ಕ್ಕೆ ಬರುತ್ತದೆ. ಕೊನೆಯ ಬಿಲ್ ಜುಲೈ 13ಕ್ಕೆ ಕಳಿಸುತ್ತೇನೆ. ಅದರಲ್ಲಿ ಜುಲೈನ 12 ದಿನಕ್ಕೆ ₹13,935 (₹36,000 ÷ 31 × 12) ಮತ್ತು ಲೇಬಲ್‌ಗೆ ₹6,000, ಒಟ್ಟು ₹19,935 ಇರುತ್ತದೆ. ಪಾವತಿಗೆ ಕೊನೆಯ ದಿನ ಜುಲೈ 28. ಮೇ ಬಿಲ್‌ನ ಬಾಕಿ ₹12,400 ಅನ್ನು ಜೂನ್ 30ರೊಳಗೆ ಕಳಿಸಿಕೊಡಬೇಕಾಗಿ ಕೋರುತ್ತೇನೆ. ಬಾಕಿ ಪಟ್ಟಿ ಕೆಳಗಿದೆ.
>
> ಈ ಪತ್ರ ತಲುಪಿದೆ ಅಂತ ಒಂದು ಸಾಲು ಉತ್ತರ ಬರೆದರೆ ಉಪಕಾರವಾಗುತ್ತದೆ.
>
> ಇಂತಿ, ವಿಶ್ವಾಸದಿಂದ
> (ಹೆಸರು, ಸಹಿ, ಪ್ಯಾನ್, ಬ್ಯಾಂಕ್ ವಿವರ)

ಯಾಕೆ ಬಿಡುತ್ತಿದ್ದೀರಿ ಅನ್ನುವುದು ಈ ಪತ್ರದಲ್ಲಿ ಇಲ್ಲ. ಕರಾರು ಕೇಳದಿದ್ದರೆ ಕಾರಣ ಬರೆಯಬೇಕಾಗಿಲ್ಲ. ಬರೆದರೆ ಚರ್ಚೆ ಕಾರಣದ ಮೇಲೆ ಶುರುವಾಗುತ್ತದೆ. 'ರೇಟ್ ಸಾಲದು' ಅಂದರೆ 'ಎರಡು ಸಾವಿರ ಜಾಸ್ತಿ ಮಾಡೋಣ' ಅನ್ನುತ್ತಾರೆ. 'ಟೈಮ್ ಇಲ್ಲ' ಅಂದರೆ 'ಹಾಗಾದ್ರೆ ಆರೇ ಪೋಸ್ಟರ್ ಮಾಡಿ' ಅನ್ನುತ್ತಾರೆ. ಕೇಳಿದರೆ ಫೋನಿನಲ್ಲಿ ಹೇಳಿ, ಬರಹದಲ್ಲಿ ಬೇಡ.

ಮೇ ಬಾಕಿಗೆ ಜುಲೈ 28ರ ತಾರೀಖು ಕೊಡದೆ ಜೂನ್ 30 ಅಂತ ಬರೆದಿದ್ದೂ ಬೇಕೆಂದೇ. ನೋಟಿಸ್ ನಡೆಯುತ್ತಿರುವಾಗ ನೀವು ಇನ್ನೂ ಕೆಲಸ ಮಾಡಿಕೊಡುತ್ತಿರುತ್ತೀರಿ, ಅವರಿಗೂ ನಿಮ್ಮಿಂದ ಕೆಲಸ ಆಗಬೇಕಿರುತ್ತದೆ. ಹಳೇ ಬಾಕಿ ಬರುವುದಾದರೆ ಆಗಲೇ ಬರಬೇಕು.

ಕಳಿಸುವುದು

ಪತ್ರವನ್ನು ಸಹಿ ಮಾಡಿ ಪಿಡಿಎಫ್ ಮಾಡಿ ಇಮೇಲ್‌ಗೆ ಲಗತ್ತಿಸಿ. ಇಮೇಲ್ ಒಳಗೂ ಕೊನೆಯ ದಿನ ಮತ್ತು ಬಿಲ್ ಮೊತ್ತ ಇರುವ ಎರಡು ಸಾಲು ಬರೆಯಿರಿ. ಅಕೌಂಟ್ಸ್ ನೋಡುವವರನ್ನೂ ಸೇರಿಸಿ, ಇಲ್ಲದಿದ್ದರೆ ಜುಲೈ ಕೊನೆಗೆ 'ನಂಗೆ ಯಾರೂ ಹೇಳೇ ಇಲ್ಲ' ಅನ್ನುವುದು ಅವರೇ. ವಾಟ್ಸಾಪ್‌ನಲ್ಲಿ 'ಮೇಲ್ ಕಳಿಸಿದ್ದೇನೆ, ನೋಡಿ' ಅಂತ ಹಾಕಿದರೆ ಸಾಕು, ಪತ್ರವನ್ನು ಅಲ್ಲಿ ಮಾತ್ರ ಕಳಿಸಿ ಸುಮ್ನೆ ಕೂರಬೇಡಿ. ಕರಾರು ಅಂಚೆ ಕೇಳಿದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಅಂಚೆಯಲ್ಲಿ ಹೋಗುವ ಪತ್ರಕ್ಕೆ ದಾರಿಯ ದಿನಗಳನ್ನೂ ಸೇರಿಸಿ ಕೊನೆಯ ತಾರೀಖು ಇಡಿ.

ಉತ್ತರವಾಗಿ 'ಇನ್ನೊಂದು ತಿಂಗಳು ಮಾಡಿಕೊಡಿ' ಅಂತ ಬರುವುದು ಮಾಮೂಲು. ಮಾಡುವ ಮನಸ್ಸಿದ್ದರೆ ಅದನ್ನು ರಿಟೇನರ್ ಅಂತ ಮುಂದುವರಿಸಬೇಡಿ, ನೋಟಿಸ್ ರದ್ದಾಯಿತು ಅಂತ ಅರ್ಥ ಮಾಡಿಕೊಳ್ಳುತ್ತಾರೆ. 'ಜುಲೈ 12ಕ್ಕೆ ರಿಟೇನರ್ ಮುಗಿಯುತ್ತದೆ. ದಸರಾ ಪೋಸ್ಟರ್ ಬೇಕಿದ್ದರೆ ಬಿಡಿ ಕೆಲಸವಾಗಿ ಮಾಡಿಕೊಡುತ್ತೇನೆ, ಒಂದಕ್ಕೆ ಇಷ್ಟು, ಅರ್ಧ ಹಣ ಮುಂಗಡ' ಅಂತ ಬರೆಯಿರಿ.

ಹಣ ಬರದಿದ್ದರೆ

ಜುಲೈ 29ರ ಬೆಳಿಗ್ಗೆ ಅದೇ ಇಮೇಲ್‌ಗೆ ಉತ್ತರವಾಗಿ ನೆನಪಿಸಿ, ಬಾಕಿ ಪಟ್ಟಿ ಮತ್ತೆ ಹಾಕಿ. ಕೆಲಸ ಶುರುವಾಗುವ ಮೊದಲೇ ಸಣ್ಣ ಉದ್ದಿಮೆಯಾಗಿ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡವರಿಗೆ ಇಲ್ಲಿ ಒಂದು ಬಲ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಗೆ 45 ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೂರಿನವರೆಗೆ ಹೋಗುವ ಮೊದಲು ಬಿಲ್‌ನಲ್ಲಿ ಉದ್ಯಮ್ ಸಂಖ್ಯೆ ನಮೂದಿಸಿ ನೋಡಿ. ಆ ಸಂಖ್ಯೆ ಕಂಡರೆ ಅಕೌಂಟೆಂಟ್‌ಗಳು ಬಿಲ್ಲನ್ನು ಪಕ್ಕಕ್ಕೆ ಇಡುವುದು ಕಡಿಮೆ.

ಹಣ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮೇ, ಜೂನ್, ಜುಲೈ ಬಿಲ್‌ಗಳಿಂದ ಕಡಿದ ₹9,194 ಟಿಡಿಎಸ್ ನಿಮ್ಮ ಪ್ಯಾನ್‌ಗೆ ಜಮೆಯಾಗಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಡಿದದ್ದರ ವಿವರವನ್ನು ಕಂಪನಿ ಅಕ್ಟೋಬರ್ 31ರೊಳಗೆ ಸಲ್ಲಿಸಬೇಕು. ನವೆಂಬರ್ ಮಧ್ಯದಲ್ಲಿ ಆದಾಯ ತೆರಿಗೆ ಪೋರ್ಟಲ್ ತೆರೆದು ನೋಡಿ, ಕಾಣದಿದ್ದರೆ ಅಕೌಂಟ್ಸ್‌ನವರಿಗೆ ಬಿಲ್ ನಂಬರ್ ಸಮೇತ ಮೇಲ್ ಮಾಡಿ.